ಪೆನೆಟ್ರೋಮೀಟರ್ 4 ಇಂಚಿಗೇ ಕೆಂಪು ತೋರಿಸ್ತಿದೆ, ಸಬ್‌ಸಾಯಿಲರ್ ಎಷ್ಟು ಆಳಕ್ಕೆ ಹೊಡೆಸಬೇಕು?

ಮಸಾರಿ ಹೊಲ ಜಗಳೂರು | ಫೆಬ್ರವರಿ

ಎಲ್ಲರಿಗೂ ನಮಸ್ಕಾರ. ನಮ್ಮದು ಜಗಳೂರು ತಾಲೂಕು, ನಾಲ್ಕು ಎಕರೆ ಮಸಾರಿ, ಪೂರ್ತಿ ಮಳೆ ನಂಬಿದ ಹೊಲ. ಪ್ರತಿ ವರ್ಷ ಮೆಕ್ಕೆಜೋಳ. ಕಳೆದ ಮುಂಗಾರಲ್ಲಿ ಮಳೆ ಒಂದೇ ಒಂದು ವಾರ ಕೈಕೊಟ್ಟಿದ್ದಕ್ಕೆ ನಮ್ಮ ಪೈರು ಮಧ್ಯಾಹ್ನ ಎಲೆ ಸುತ್ತಿಕೊಳ್ಳೋಕೆ ಶುರುವಾಯ್ತು. ಬದುವಿನ ಆಚೆ ಅದೇ ಮಣ್ಣು, ಅದೇ ತಳಿ, ಅವರದು ಹಸಿರಾಗೇ ನಿಂತಿತ್ತು. ಅವರು ಎತ್ತಿನ ಬೇಸಾಯ, ನಾವು ಪ್ರತಿ ವರ್ಷ ರೋಟವೇಟರ್.

ಕಟಾವಾದ ಮೇಲೆ ಬುಡ ಕಿತ್ತು ನೋಡಿದೆ. ಬೇರು ಅರ್ಧ ಅಡಿ ನೆಟ್ಟಗೆ ಇಳಿದು, ಅಲ್ಲಿಂದ ಮೊಣಕೈ ಮಡಚಿದ ಹಾಗೆ ಅಡ್ಡಕ್ಕೆ ತಿರುಗಿದ್ವು. ಪರಿಚಯದವರ ಹತ್ತಿರ ಮಣ್ಣಿನ ಗಟ್ಟಿತನ ಅಳೆಯೋ ಪೆನೆಟ್ರೋಮೀಟರ್ ಇತ್ತು, ತಂದು ಹೊಲದ ತುಂಬಾ ಚುಚ್ಚಿದೆ. ಎಲ್ಲಿ ಒತ್ತಿದರೂ 4 ಇಂಚಿಗೆ ಮುಳ್ಳು 300 ಪಿಎಸ್‌ಐ ದಾಟಿ ಕೆಂಪಿಗೆ ಹೋಗುತ್ತೆ, ಮುಂದೆ ಇಳಿಯೋದೇ ಇಲ್ಲ. ಬಾಡಿಗೆ ಟ್ರ್ಯಾಕ್ಟರ್‌ನವರು ಅಡಿಯ ಗಟ್ಟಿ ಪದರ ಸೀಳೋ ಸಬ್‌ಸಾಯಿಲರ್ ಎರಡು ಅಡಿಗೆ ಹೊಡೆದ್ರೆ ಎಲ್ಲಾ ಸರಿಹೋಗುತ್ತೆ ಅಂತಾರೆ. ಎರಡು ಅಡಿ ಬೇಕೇ ಬೇಕಾ? ತಿಳಿದೋರು ಹೇಳ್ರಿ.

---

ಟ್ರ್ಯಾಕ್ಟರ್ 50 ಎಚ್‌ಪಿ | ಫೆಬ್ರವರಿ

ಅಣ್ಣ, ನಾನೇ ಬಾಡಿಗೆಗೆ ಹೊಡೆಯೋನು, ಅದಕ್ಕೇ ಹೇಳ್ತೀನಿ. 4 ಇಂಚಿಗೇ ಕೆಂಪು ಬಂತು ಅಂದ್ರೆ ನೆಲ ಪೂರ್ತಿ ಸತ್ತೋಗಿದೆ. ಎಷ್ಟು ಆಳ ಹೋದ್ರೆ ಅಷ್ಟು ಒಳ್ಳೇದು, ಮಳೆ ನೀರು ಒಳಗೆ ಕೂರುತ್ತೆ. ಈಗ ನೆಲ ಒಣಗಿದೆ, ಹೊಡೆಯೋಕೆ ಇದೇ ಟೈಮು. ಮಳೆ ಬಿದ್ದ ಮೇಲೆ ಹೊಡೆಸಿದ್ರೆ ದುಡ್ಡು ದಂಡ.

---

ಮಣ್ಣು ಮತ್ತು ಯಂತ್ರ | ಫೆಬ್ರವರಿ

ಟ್ರ್ಯಾಕ್ಟರ್‌ನವರ ಕೊನೆ ಮಾತು ಸರಿ, ಒಣ ನೆಲದಲ್ಲೇ ಹೊಡೆಯಬೇಕು. ಆದರೆ ಅಳೆಯೋದು ಒಣ ನೆಲದಲ್ಲಿ ಅಲ್ಲ. ಇವೆರಡನ್ನೂ ಒಂದೇ ದಿನ ಮಾಡೋಕೆ ಹೋಗಿಯೇ ಬಹಳ ಜನ ಕೆಡಿಸಿಕೊಳ್ಳೋದು.

ಆ ಮುಳ್ಳು ತೋರಿಸೋದು ಮಣ್ಣು ಸರಳಿನ ತುದಿಗೆ ಎಷ್ಟು ತಡೆ ಕೊಡ್ತು ಅನ್ನೋದನ್ನ ಮಾತ್ರ. ತಡೆ ಮಣ್ಣು ಅದುಮಿದ್ದರಿಂದಲೂ ಬರುತ್ತೆ, ಒಣಗಿದ್ದರಿಂದಲೂ ಬರುತ್ತೆ. ಫೆಬ್ರವರಿಯ ಮಸಾರಿ ಮಣ್ಣು, ಅದರ ಆರೋಗ್ಯ ಎಷ್ಟೇ ಚೆನ್ನಾಗಿರಲಿ, 300 ದಾಟೇ ದಾಟುತ್ತೆ. ಬದುವಿನ ಆಚೆ, ಆ ಹಸಿರಾಗಿದ್ದ ಹೊಲದಲ್ಲಿ ಇವತ್ತು ಚುಚ್ಚಿ ನೋಡಿ, ಅಲ್ಲೂ ಕೆಂಪೇ ಬರುತ್ತೆ. ನಿಮ್ಮ ಈ ಅಳತೆಯಿಂದ ಏನೂ ತೀರ್ಮಾನ ಮಾಡೋಕಾಗಲ್ಲ. ಬೇರು ಅಡ್ಡ ತಿರುಗಿದ್ದು ಮಾತ್ರ ನಿಜವಾದ ಸಾಕ್ಷಿ, ಅದನ್ನ ಬಿಡಬೇಡಿ.

ಭರಣಿನೋ ಕೃತ್ತಿಕೆನೋ, ಒಂದೂವರೆ ಅಡಿ ನೆನೆಯೋವಂಥ ಮಳೆ ಬರಲಿ. ಬಂದು ಒಂದೆರಡು ದಿನ ಬಿಡಿ, ಹೆಚ್ಚಿನ ನೀರು ಬಸಿದು ಹೋಗಬೇಕು. ಎರೆ ಆದರೆ ಇನ್ನೂ ಒಂದೆರಡು ದಿನ ಹೆಚ್ಚು. ಆಗ ಅಳೆಯಿರಿ. ಕೆಸರಿದ್ದಾಗ ಅಳೆದರೂ ತಪ್ಪು, ಗಟ್ಟಿ ಪದರವೂ ಹಸಿರಲ್ಲೇ ಮುಚ್ಚಿ ಹೋಗುತ್ತೆ.

ಒತ್ತುವಾಗ ಎರಡು ಕೈಯಲ್ಲಿ ಹಿಡಿದು, ನೆಟ್ಟಗೆ, ಸೆಕೆಂಡಿಗೆ ಒಂದು ಇಂಚಿನ ಲೆಕ್ಕದಲ್ಲಿ ಒಂದೇ ಸಮನೆ ಇಳಿಸಿ. ಜೋಲಿ ಹೊಡೆದು ಕುಕ್ಕಬೇಡಿ. ಪ್ರತಿ ಜಾಗದಲ್ಲೂ ಎರಡು ಅಂಕಿ ಬರ್ಕೊಳ್ಳಿ: ಮುಳ್ಳು 300 ದಾಟಿದ್ದು ಎಷ್ಟು ಇಂಚಿಗೆ, ಮತ್ತೆ 300ರ ಕೆಳಗೆ ಇಳಿದದ್ದು ಎಷ್ಟು ಇಂಚಿಗೆ. ಬಹಳ ಜನ ಮೊದಲನೇದು ಬರೆದು ನಿಲ್ಲಿಸ್ತಾರೆ. ಆಳ ಎಷ್ಟು ಅಂತ ಹೇಳೋದು ಎರಡನೇ ಅಂಕಿ.

---

ಎರೆಹೊಲ ಚಳ್ಳಕೆರೆ | ಫೆಬ್ರವರಿ

ಇಷ್ಟೆಲ್ಲಾ ಯಾಕ್ರೀ? ನಮ್ಮ ಎರೆ ನೆಲ ಬೇಸಿಗೇಲಿ ತಾನೇ ಬಾಯಿ ಬಿಡುತ್ತೆ, ಬಿರುಕಿನಲ್ಲಿ ಕೈ ಇಳಿಯುತ್ತೆ. ದೇವರೇ ಸಬ್‌ಸಾಯಿಲರ್ ಹೊಡೆದ ಹಾಗೆ. ನಮ್ಮಪ್ಪನ ಕಾಲದಿಂದ ಕುಂಟೆ ಬಿಟ್ಟು ಏನೂ ಇಳಿಸಿಲ್ಲ.

---

ಮಣ್ಣು ಮತ್ತು ಯಂತ್ರ | ಫೆಬ್ರವರಿ

ಯಜಮಾನ್ರೇ, ನಿಮ್ಮ ಹೊಲಕ್ಕೆ ನಿಮ್ಮ ಮಾತು ಸರಿ. ಎರೆ ಮಣ್ಣು ನೆನೆದಾಗ ಉಬ್ಬಿ ಒಣಗಿದಾಗ ಕುಗ್ಗೋದರಿಂದ ಸ್ವಲ್ಪ ಮಟ್ಟಿಗೆ ತನ್ನನ್ನು ತಾನೇ ಸಡಿಲ ಮಾಡಿಕೊಳ್ಳುತ್ತೆ. ಮಸಾರಿಗೆ ಆ ಗುಣ ಬಹಳ ಕಡಿಮೆ. ಬೇಸಿಗೇಲಿ ಇಟ್ಟಿಗೆಯಂತೆ ಒಂದೇ ಗಟ್ಟಿಯಾಗಿ ನಿಲ್ಲುತ್ತೆ, ಅದುಮಿದ್ದು ಅದುಮಿದ ಹಾಗೇ ಉಳಿಯುತ್ತೆ. ಎರೆಯಲ್ಲೂ ಬೋರ್‌ವೆಲ್ ನೀರು ಕೊಟ್ಟು ವರ್ಷವಿಡೀ ಹಸಿ ಇಟ್ಟು, ಹಸಿಯಲ್ಲೇ ಟ್ರೇಲರ್ ಓಡಾಡಿಸಿದ ಕಡೆ ಬಿರುಕು ಆಳಕ್ಕೆ ಹೋಗಲ್ಲ, ಅಲ್ಲಿ ಗಟ್ಟಿ ಪದರ ಕೂತಿದ್ದು ನೋಡಿದ್ದೀನಿ.

---

ಭದ್ರಾ ನಾಲೆ ಕೊನೆ | ಫೆಬ್ರವರಿ

ಮೇಡಂ, ನಮ್ದು ಮಲೇಬೆನ್ನೂರು ಕಡೆ ಭತ್ತದ ಗದ್ದೆ. ಇದನ್ನೆಲ್ಲ ಓದಿ ನಾನೂ ಚುಚ್ಚಿಸಿದೆ. ಗದ್ದೆ ಹಸಿ ಇದ್ರೂ 8 ಇಂಚಿಗೆ 500 ತೋರಿಸ್ತು! ಅಂದ್ರೆ ನಮ್ದು ಜಗಳೂರಿಗಿಂತ ಕೆಟ್ಟೋಗಿದೆ. ಯಾವ ಆಳಕ್ಕೆ ಒಡೆಸ್ಲಿ?

---

ಮಣ್ಣು ಮತ್ತು ಯಂತ್ರ | ಫೆಬ್ರವರಿ

ದಯವಿಟ್ಟು ಏನೂ ಒಡೆಸಬೇಡಿ. ಮೊದಲು ಹೇಳಿ, ಸರಳಿನ ತುದಿಗೆ ಹಾಕಿದ್ದು ಸಣ್ಣ ಕೋನೋ ದೊಡ್ಡದೋ? ಡಯಲ್‌ನಲ್ಲಿ ಎರಡು ಸುತ್ತು ಅಂಕಿ ಇರುತ್ತೆ, ಅರ್ಧ ಇಂಚಿನ ಕೋನಿಗೆ ಒಂದು, ಮುಕ್ಕಾಲು ಇಂಚಿಗೆ ಇನ್ನೊಂದು. ನೀವು ಯಾವುದನ್ನ ಓದಿದ್ರಿ?

---

ಭದ್ರಾ ನಾಲೆ ಕೊನೆ | ಫೆಬ್ರವರಿ

ಮಗನ್ನ ಕೇಳಿದೆ. ಮೆತ್ತಗಿದೆ ಅಂತ ದೊಡ್ಡ ಕೋನ್ ಹಾಕಿದ್ನಂತೆ. ಓದಿದ್ದು ಅರ್ಧ ಇಂಚಿನ ಸುತ್ತು.

---

ಮಣ್ಣು ಮತ್ತು ಯಂತ್ರ | ಫೆಬ್ರವರಿ

ಹಾಗಾದ್ರೆ ನಿಮ್ಮ 500 ನಿಜವಾಗಿ 200. ದೊಡ್ಡ ಕೋನಿನ ಬುಡದ ವಿಸ್ತೀರ್ಣ ಸಣ್ಣದರ ಎರಡೂವರೆ ಪಟ್ಟು, ಸುತ್ತು ತಪ್ಪಿ ಓದಿದ್ರೆ ಅಂಕಿ ಅಷ್ಟೇ ಪಟ್ಟು ಏರುತ್ತೆ.

ಇನ್ನೊಂದು ವಿಷಯ. ಭತ್ತದ ಗದ್ದೆಯ ಅಡಿಯ ಗಟ್ಟಿ ಪದರ ರೋಗ ಅಲ್ಲ. ವರ್ಷಗಟ್ಟಲೆ ಕೆಸರು ಹೊಡೆದು ನೀವೇ ಕಟ್ಟಿಕೊಂಡಿರೋದು ಅದು, ನೀರು ಇಂಗದೆ ನಿಲ್ಲೋದು ಅದರಿಂದಲೇ. ನಾಲೆ ಕೊನೆಯಲ್ಲಿ ನೀರಿಗೆ ಕಾಯೋ ನೀವು ಅದನ್ನ ಒಡೆದ್ರೆ ಬಂದ ನೀರೂ ಕೆಳಗೆ ಹೋಗುತ್ತೆ.

---

ಭದ್ರಾ ನಾಲೆ ಕೊನೆ | ಫೆಬ್ರವರಿ

ಸಮಾಧಾನ ಆಯ್ತು. ಆದ್ರೆ ಅದರಲ್ಲಿ ಒಂದು ಎಕರೆ ಅಡಿಕೆ ಮಾಡೋ ಯೋಚನೆ ಇದೆ, ಸುತ್ತಲೂ ಎಲ್ಲರೂ ಮಾಡ್ತಿದಾರೆ. ಆಗಲಾದ್ರೂ ಒಡೀಬೇಕಲ್ವಾ?

---

ವರ್ಕ್‌ಶಾಪ್ ಹಿರಿಯೂರು | ಮಾರ್ಚ್

ಪೆನೆಟ್ರೋಮೀಟರ್ ಸಿಗದವರಿಗೆ ಒಂದು ದಾರಿ. ನಾನು ವೆಲ್ಡಿಂಗ್ ಕೆಲಸದವನು, ಇಲ್ಲೊಬ್ಬ ರೈತರಿಗೆ ಮಾಡಿಕೊಟ್ಟಿದ್ದೀನಿ. ಮೂರು ಅಡಿ ಉದ್ದ, 9 ಮಿ.ಮೀ. ದಪ್ಪದ ಸರಳು. ತುದಿಗೆ 12.8 ಮಿ.ಮೀ. ಅಗಲದ ಕೋನ್, ಲೇತ್‌ನಲ್ಲಿ ತಿರುಗಿಸಿದ್ದು, ಮೊನೆ 30 ಡಿಗ್ರಿ. ಮೇಲೆ ಟಿ ಆಕಾರದ ಹಿಡಿ. ಸರಳು ಕೋನಿಗಿಂತ ಸಣ್ಣದಿರಲೇಬೇಕು, ಇಲ್ಲಾಂದ್ರೆ ಪಕ್ಕದ ಮಣ್ಣು ಹಿಡ್ಕೊಂಡು ಅಳತೆ ಸುಳ್ಳಾಗುತ್ತೆ. ಸರಳಿಗೆ ಮೂರು ಮೂರು ಇಂಚಿಗೆ ಫೈಲ್‌ನಲ್ಲಿ ಗೀರು.

ಡಯಲ್ ಬದಲು ಮನೇಲಿ ತೂಕ ನೋಡೋ ತಕ್ಕಡಿ. ಹೊಲದಲ್ಲಿ ಹಲಗೆ ಹಾಕಿ, ಅದರ ಮೇಲೆ ತಕ್ಕಡಿ ಇಟ್ಟು, ನೀವು ಅದರ ಮೇಲೆ ನಿಂತು ಸರಳು ಒತ್ತಬೇಕು. ನೀವು ಎಷ್ಟು ಭಾರ ಸರಳಿನ ಮೇಲೆ ಹಾಕ್ತೀರೋ ಅಷ್ಟು ತಕ್ಕಡಿಯಲ್ಲಿ ಕಡಿಮೆ ಆಗುತ್ತೆ. 27 ಕೆ.ಜಿ. ಕಡಿಮೆ ಆಯ್ತು ಅಂದ್ರೆ 300 ಪಿಎಸ್‌ಐ. 65 ಕೆ.ಜಿ. ಇರೋ ಮನುಷ್ಯ 38ಕ್ಕೆ ಇಳಿದಾಗ ಸರಳು ಎಷ್ಟು ಇಂಚಲ್ಲಿದೆ ನೋಡಿ. ಒಬ್ಬರು ಒತ್ತಿ, ಒಬ್ಬರು ತಕ್ಕಡಿ ಓದಬೇಕು.

---

ಮಣ್ಣು ಮತ್ತು ಯಂತ್ರ | ಮಾರ್ಚ್

ಲೆಕ್ಕ ಸರಿಯಾಗಿದೆ, ಬಹಳ ಚೆನ್ನಾಗಿದೆ. ಒಂದೇ ಎಚ್ಚರಿಕೆ: ಚಿತ್ರದುರ್ಗದ ಕಡೆ ಕಲ್ಲು ಜಾಸ್ತಿ. ಮುಳ್ಳು ನಿಧಾನಕ್ಕೆ ಏರದೆ ಒಮ್ಮೆಲೇ ಟಣ್ ಅಂತ ನಿಂತರೆ ಅದು ಗರಸಿನ ಕಲ್ಲು. ಆ ಅಂಕಿ ಬಿಟ್ಟು ಒಂದು ಅಡಿ ಪಕ್ಕಕ್ಕೆ ಸರಿದು ಮತ್ತೆ ಚುಚ್ಚಿ.

ಅಡಿಕೆ ಕೇಳಿದವರಿಗೆ: ಅಲ್ಲಿ ಪದರ ಒಡೆಯೋ ಮೊದಲು ಬಸಿಗಾಲುವೆ ಯೋಚಿಸಿ. ಸುತ್ತ ಗದ್ದೆಯಲ್ಲಿ ನೀರು ನಿಂತಿದ್ದರೆ, ನೀವು ಒಡೆದ ಜಾಗಕ್ಕೆ ಪಕ್ಕದವರ ನೀರೇ ಬಂದು ಕೂರುತ್ತೆ. ಗದ್ದೆ ನೋಡದೆ ಇದಕ್ಕಿಂತ ಹೆಚ್ಚು ಹೇಳಲಾರೆ.

---

ಮಸಾರಿ ಹೊಲ ಜಗಳೂರು | ಮೇ

ಭರಣಿ ಮಳೆ ಚೆನ್ನಾಗಿ ಬಂತು. ಎರಡು ದಿನ ಬಿಟ್ಟು, ಹೊಲದಲ್ಲಿ ಓರೆಕೋರೆಯಾಗಿ ನಡೆದು, ಸುಮಾರು ನೂರು ಅಡಿಗೊಂದು ಜಾಗದಂತೆ ಅಳೆದೆ. ಈಗ ಚಿತ್ರವೇ ಬೇರೆ.

ಮೇಲಿನ ಮೂರು ಎಕರೆ: ಮೊದಲ 5 ಇಂಚು ಬೆಣ್ಣೆಯಂತೆ ಇಳಿಯುತ್ತೆ. 6 ಇಂಚಿಗೆ 300 ದಾಟುತ್ತೆ, 8ಕ್ಕೆ 400ರ ಹತ್ತಿರ ಹೋಗುತ್ತೆ. ಆಮೇಲೆ ಕೈಗೆ ಗೊತ್ತಾಗೋ ಹಾಗೆ ಸಡಿಲವಾಗಿ, 10 ಇಂಚಿಗೆ 300ರ ಕೆಳಗೆ ಬಂದು, ಅಲ್ಲಿಂದ 18 ಇಂಚಿನವರೆಗೂ 200–250ರಲ್ಲೇ ಇರುತ್ತೆ. ನಾಲ್ಕು ಕಡೆ ಚುಚ್ಚಿದ್ರೆ ಮೂರು ಕಡೆ ಹೀಗೇ. ಬದುವಿನ ಆಚೆ ಅವರನ್ನ ಕೇಳಿ ಅಲ್ಲೂ ಅಳೆದೆ, 12 ಇಂಚಿನವರೆಗೆ ಎಲ್ಲೂ 250 ದಾಟಲಿಲ್ಲ.

ಕೆಳಗಿನ ಒಂದು ಎಕರೆ ಹಳ್ಳದ ಕಡೆ: ಅಲ್ಲಿ 6 ಇಂಚಿನ ಗಟ್ಟಿ ಇಲ್ಲ. ನಿಧಾನಕ್ಕೆ ಏರುತ್ತಾ 13–14 ಇಂಚಿಗೆ 300 ದಾಟುತ್ತೆ, ಮತ್ತೆ ಇಳಿಯೋದೇ ಇಲ್ಲ.

ದಾರಿ ಕಡೆ ಅಂಚು, ತೆನೆ ತುಂಬಿದ ಟ್ರೇಲರ್ ತಿರುಗಿಸೋ ಜಾಗ: 5ಕ್ಕೆ ಕೆಂಪು, ಬಿಡೋದು 15ಕ್ಕೆ.

---

ಟ್ರ್ಯಾಕ್ಟರ್ 50 ಎಚ್‌ಪಿ | ಮೇ

ನೋಡಿ, ಕೆಳಗಿನ ಎಕರೆ ಕೊನೆಯವರೆಗೂ ಗಟ್ಟಿ. ಅಲ್ಲಿ ಎರಡು ಅಡಿ ಬೇಕೇ ಬೇಕು. ನಾನು ಹೇಳಿದ್ದು ಇದೇ.

---

ಮಣ್ಣು ಮತ್ತು ಯಂತ್ರ | ಮೇ

ತಮ್ಮಾ, ಹೊಡೆಸಲೇಬಾರದ ಜಾಗ ಇದ್ದರೆ ಅದೇ ಎಕರೆ.

ಯಂತ್ರ ಮಾಡಿದ ಗಟ್ಟಿ ಪದರಕ್ಕೆ ಮೇಲೊಂದು ಅಂಚು, ಕೆಳಗೊಂದು ಅಂಚು ಇರುತ್ತೆ. ಮುಳ್ಳು ಏರಿ ಮತ್ತೆ ಇಳಿಯುತ್ತೆ. ಮೇಲಿನ ಮೂರು ಎಕರೆಯಲ್ಲಿ ಆಗಿರೋದು ಅದು, ರೋಟವೇಟರ್ ಅಲಗು ಪ್ರತಿ ವರ್ಷ 5 ಇಂಚಿಗೇ ತಿರುಗಿ ಅದರ ಕೆಳಗೆ ಕಟ್ಟಿದ್ದು. ಏರಿದ್ದು ಇಳಿಯದೇ ಹೋದರೆ ಅದು ಬಹುಮಟ್ಟಿಗೆ ನೆಲದ ಹುಟ್ಟುಗುಣ. ಕೆಂಪು ಮಣ್ಣಲ್ಲಿ ಕೆಳಕ್ಕೆ ಹೋದಂತೆ ಜೇಡಿ ಹೆಚ್ಚಾಗುತ್ತೆ, ಇಲ್ಲವೇ ಗರಸು ಸಿಗುತ್ತೆ. ಅದನ್ನ ಸೀಳಿದ್ರೆ ಒಂದು ಮಳೆಗೇ ಮತ್ತೆ ಕೂತ್ಕೊಳ್ಳುತ್ತೆ, ಕೆಳಗಿನ ಜೇಡಿ ಹೆಂಟೆ ಮೇಲೆ ಬಂದ್ರೆ ಬಿತ್ತನೆಗೂ ಕಷ್ಟ. ಅಲ್ಲೊಂದು ಎರಡು ಅಡಿ ಗುಂಡಿ ತೋಡಿ, 13 ಇಂಚಿನ ಹತ್ತಿರ ಮಣ್ಣಿನ ಬಣ್ಣ, ಜಿಗುಟು ಬದಲಾಗುತ್ತಾ ನೋಡಿ.

ಇನ್ನು ಮೇಲಿನ ಮೂರು ಎಕರೆ. ಕೆಳಗಿನ ಅಂಚು 10 ಇಂಚು. ಅದರ ಕೆಳಗೆ ಒಂದೆರಡು ಇಂಚು ಇಳಿದರೆ ಸಾಕು, ಅಂದ್ರೆ 11–12 ಇಂಚು. ಎರಡು ಅಡಿ ಯಾಕೆ ಬೇಡ ಅಂದ್ರೆ, ಸಬ್‌ಸಾಯಿಲರ್ ಹಲ್ಲಿನ ತುದಿ ಅಗಲ ಎರಡು, ಎರಡೂವರೆ ಇಂಚು ಇರುತ್ತೆ. ಆ ಅಗಲದ ಐದಾರು ಪಟ್ಟು ಆಳದವರೆಗೆ ಮಾತ್ರ ಅದು ಮಣ್ಣನ್ನ ಎತ್ತಿ ಒಡೆಯುತ್ತೆ. ಅದಕ್ಕಿಂತ ಕೆಳಗೆ ಹೋದ್ರೆ ಮಣ್ಣಿಗೆ ಮೇಲೇಳೋಕೆ ದಾರಿ ಇಲ್ಲ, ಪಕ್ಕಕ್ಕೆ ಒತ್ತಿಕೊಂಡು ಒಂದು ಸೀಳು ಮಾತ್ರ ಬೀಳುತ್ತೆ. ಡೀಸೆಲ್ ಸುರಿದು ಹೊಸ ಗಟ್ಟಿ ಗೋಡೆ ಕಟ್ಟಿದ ಹಾಗಾಯ್ತು. ಜೊತೆಗೆ 10ರ ಕೆಳಗಿನ ಒಳ್ಳೆ ಮಣ್ಣನ್ನೂ ಕದಡಿದ ಹಾಗೆ. ಸಡಿಲ ಮಾಡಿದ ಮಣ್ಣಿಗೆ ಭಾರ ತಡೆಯೋ ಶಕ್ತಿ ಇರಲ್ಲ, ಮುಂದಿನ ಟ್ರೇಲರ್ ಅದನ್ನ ಇನ್ನೂ ಆಳಕ್ಕೆ ಅದುಮುತ್ತೆ.

ಟ್ರೇಲರ್ ಜಾಗದಲ್ಲಿ 16 ಇಂಚು ಬೇಕಾಗುತ್ತೆ, ಅದೂ ಒಂದೇ ಸಲ ಇಳಿಸೋ ಬದಲು ಮೊದಲು 10, ಮತ್ತೆ 16.

---

ಟ್ರ್ಯಾಕ್ಟರ್ 50 ಎಚ್‌ಪಿ | ಮೇ

ಸರಿ ಮೇಡಂ, 12 ಇಂಚೇ ಇರಲಿ. ಆದ್ರೆ ಈಗಲೇ ಹೊಡೀಬೇಕು, ಜೂನಲ್ಲಿ ಬಿತ್ತನೆ. ಮೇಲೆ ನೆಲ ಆರಿದೆಯಲ್ಲ.

---

ಮಣ್ಣು ಮತ್ತು ಯಂತ್ರ | ಮೇ

ಮೇಲೆ ಆರಿದ್ರೆ ಆಗಲಿಲ್ಲ, 8–10 ಇಂಚಿನಲ್ಲಿ ಆರಿರಬೇಕು. ಸಲಿಕೆಯಲ್ಲಿ ಆ ಆಳದ ಮಣ್ಣು ತೆಗೆದು ಅಂಗೈಯಲ್ಲಿ ಹೊಸೆದು ನೋಡಿ. ಸೇವಿಗೆಯಷ್ಟು ಸಣ್ಣ ಎಳೆ ಬಂದ್ರೆ ಇನ್ನೂ ಹಸಿ, ಹಲ್ಲು ಹೋದ ದಾರಿಯನ್ನ ಮೆತ್ತಿ ಮುಚ್ಚುತ್ತೆ. ಎಳೆ ಬರದೆ ಪುಡಿಯಾದ್ರೆ ಹೊಡೆಯಬಹುದು.

---

ಮಸಾರಿ ಹೊಲ ಜಗಳೂರು | ಮೇ

ಹೊಸೆದು ನೋಡಿದೆ, ಎಳೆ ಚೆನ್ನಾಗೇ ಬರ್ತಿದೆ. ಕೆಳಗಿನ ಎಕರೆಯಲ್ಲಿ ಗುಂಡಿ ತೋಡಿದೆ, 14 ಇಂಚಿಗೆ ಕಡುಗೆಂಪು ಜಿಗುಟು ಮಣ್ಣು, ಒಳಗೆ ಸಣ್ಣ ಗರಸು. ಅದನ್ನ ಮುಟ್ಟಲ್ಲ. ಈ ಸಲ ಎತ್ತು ಬಾಡಿಗೆಗೆ ತಂದು ರಂಟೆ ಹೊಡೆದು ಕುಂಟೆ ಎಳೆದು ಬಿತ್ತೋಣ ಅಂತಿದ್ದೀನಿ, ರೋಟವೇಟರ್ ಇಲ್ಲ. ಮೆಕ್ಕೆಜೋಳದ ಜೊತೆ ತೊಗರಿ ಸಾಲು ಹಾಕಿದ್ರೆ ಬೇರು ಆ ಪದರ ತೂರುತ್ತಾ?

---

ಎರೆಹೊಲ ಚಳ್ಳಕೆರೆ | ಮೇ

ತೊಗರಿ ಬೇರು ಎಲ್ಲಿಗಾದ್ರೂ ಹೋಗುತ್ತೆ ತಮ್ಮಾ. ಹಾಕು. ಎರಡು ವರ್ಷದಲ್ಲಿ ನಿನಗೆ ಯಂತ್ರವೇ ಬೇಡ.

---

ಮಣ್ಣು ಮತ್ತು ಯಂತ್ರ | ಮೇ

ತೊಗರಿ ಹಾಕಿ, ಖಂಡಿತ ಹಾಕಿ. ಮೆಕ್ಕೆಜೋಳ ಮುಗಿದ ಮೇಲೂ ಅದು ನಿಂತು ಕೆಳಗಿನ ತೇವ ಎಳೆಯುತ್ತೆ, ಪದರ ಒಣಗೋಕೆ ಸಹಾಯ. ಆದ್ರೆ 400 ಇರೋ ಪದರವನ್ನ ತೊಗರಿ ಒಂದೇ ತೂರಿ ಸರಿ ಮಾಡುತ್ತೆ ಅಂತ ನಾನು ಭರವಸೆ ಕೊಡಲ್ಲ. ಎಲ್ಲಾದ್ರೂ ಬಿರುಕು, ಎರೆಹುಳದ ದಾರಿ ಸಿಕ್ಕ ಕಡೆ ಬೇರು ಇಳಿಯುತ್ತೆ. ಆ ಸಣ್ಣ ದಾರಿಗಳು ಪೆನೆಟ್ರೋಮೀಟರ್‌ಗೆ ಕಾಣಲ್ಲ. ಹಾಗಾಗಿ 300 ಅನ್ನೋದನ್ನ ಗೋಡೆ ಅಂತ ತಿಳಿಯಬೇಡಿ, ಅಲ್ಲಿಗೆ ಹೋಗೋ ಹೊತ್ತಿಗೆ ಬೇರಿನ ಓಟ ಬಹಳ ನಿಧಾನ ಆಗಿರುತ್ತೆ ಅಷ್ಟೇ.

---

ಮಸಾರಿ ಹೊಲ ಜಗಳೂರು | ಜನವರಿ

ತೊಗರಿ ಕಟಾವು ಮುಗೀತು. 9 ಇಂಚಿನ ಮಣ್ಣು ಹೊಸೆದರೆ ಪುಡಿ. 12 ಇಂಚಿಗೆ ಹಲ್ಲು ಕಟ್ಟಿಸಿ ಒಂದು ಎಕರೆ ಹೊಡೆಸಿದೆ. ಟ್ರ್ಯಾಕ್ಟರ್‌ನವರು ಅಭ್ಯಾಸದಂತೆ ನಾಲ್ಕು ಅಡಿಗೊಂದು ಸಾಲು ಹೊಡೆದ್ರು. ಮುಂದಿನ ಎಕರೆಗೆ ಹೋಗೋ ಮೊದಲು ನಿಲ್ಲಿಸಿ, ಸಾಲಿಗೆ ಅಡ್ಡವಾಗಿ ಒಂದು ಗುಂಡಿ ತೆಗೆಸಿದೆ. ಹಲ್ಲು ಹೋದ ಕಡೆ ಮಣ್ಣು ತಳದಿಂದ ಮೇಲಕ್ಕೆ ಅಗಲವಾಗಿ ಒಡೆದು ಹೆಂಟೆ ಹೆಂಟೆಯಾಗಿ ನಿಂತಿದೆ. ಎರಡು ಸಾಲಿನ ನಡುವೆ ಮಾತ್ರ 6ರಿಂದ 10 ಇಂಚಿನ ಪದರ ಹಲಗೆಯಂತೆ ಹಾಗೇ ಇದೆ, ಹಾರೆ ಹಾಕಿದ್ರೆ ಚಪ್ಪಟೆ ಚಪ್ಪಟೆಯಾಗಿ ಏಳುತ್ತೆ. ಹಳೇ ಮೆಕ್ಕೆಜೋಳದ ಬೇರು ಅದರ ಮೇಲೆ ಅಡ್ಡ ಮಲಗಿದ್ದೂ ಕಾಣುತ್ತೆ.

---

ಮಣ್ಣು ಮತ್ತು ಯಂತ್ರ | ಜನವರಿ

ಗುಂಡಿ ತೆಗೆಸಿ ನೋಡಿದ್ದು ಬಹಳ ಒಳ್ಳೇದಾಯ್ತು. ರೆಕ್ಕೆ ಇಲ್ಲದ ಹಲ್ಲಿಗೆ ಸಾಲಿನ ಅಂತರ ಆಳದ ಒಂದೂವರೆ ಪಟ್ಟು ಮೀರಬಾರದು. 12 ಇಂಚು ಆಳಕ್ಕೆ ಒಂದೂವರೆ ಅಡಿ. ಹೊಡೆದ ಎಕರೆಯಲ್ಲೂ ನಡುವೆ ಮತ್ತೆ ಸಾಲು ತುಂಬಿಸಿ.

---

ಟ್ರ್ಯಾಕ್ಟರ್ 50 ಎಚ್‌ಪಿ | ಜನವರಿ

ಒಂದೂವರೆ ಅಡಿ ಅಂದ್ರೆ ಸಾಲು ಎರಡೂವರೆ ಪಟ್ಟು ಆಯ್ತು. ಬಾಡಿಗೆ ಹಳೇ ರೇಟಿಗೆ ಗಿಟ್ಟಲ್ಲ. ಒಂದು ಮಾತ್ರ ಒಪ್ಕೋತೀನಿ, 12 ಇಂಚಲ್ಲಿ ಗಾಡಿ ಸಲೀಸಾಗಿ ಓಡುತ್ತೆ, ಎರಡು ಅಡಿಗೆ ಇಳಿಸಿದಾಗ ಮುಂದಿನ ಚಕ್ರ ಎದ್ದು ಹೊಗೆ ಕಕ್ಕುತ್ತೆ. ಎಕರೆ ಲೆಕ್ಕ ಬಿಟ್ಟು ಗಂಟೆ ಲೆಕ್ಕ ಮಾಡೋಣ ಅಣ್ಣ.

---

ಮಸಾರಿ ಹೊಲ ಜಗಳೂರು | ಜನವರಿ

ಗಂಟೆ ಲೆಕ್ಕಕ್ಕೆ ಒಪ್ಪಿದೆ. ಮೂರು ಎಕರೆ ಮುಗಿಸಿ, ಮುಂದಿನ ಭರಣಿ ಮಳೆ ಆದ ಮೇಲೆ ಸಾಲಿನ ನಡುವೆಯೂ ಸಾಲಿನ ಮೇಲೂ ಮತ್ತೆ ಅಳೆದು ಹಾಕ್ತೀನಿ. ಮೇಡಂ, ಈ ಸಡಿಲ ಎಷ್ಟು ವರ್ಷ ನಿಲ್ಲುತ್ತೆ?

---

ಮಣ್ಣು ಮತ್ತು ಯಂತ್ರ | ಜನವರಿ

ಮಸಾರಿಯಲ್ಲಿ ಒಂದೇ ಮುಂಗಾರಿಗೆ ಕೂತಿದ್ದೂ ನೋಡಿದ್ದೀನಿ, ಮೂರು ವರ್ಷ ತಡೆದಿದ್ದೂ ನೋಡಿದ್ದೀನಿ. ವ್ಯತ್ಯಾಸ ಬಹಳ ಸಲ ಆ ಮೊದಲ ವರ್ಷದಲ್ಲಿ ಹಸಿ ನೆಲದ ಮೇಲೆ ಏನು ಓಡಾಡಿತು ಅನ್ನೋದರ ಮೇಲೆ. ತೆನೆ ಸಾಗಿಸೋ ಟ್ರೇಲರ್‌ನ ಹೊಲದೊಳಗೆ ಬಿಡದೆ ದಾರಿ ಅಂಚಲ್ಲೇ ನಿಲ್ಲಿಸೋಕಾಗುತ್ತಾ?

---

ಮಸಾರಿ ಹೊಲ ಜಗಳೂರು | ಜನವರಿ

ಆಳು ಸಿಕ್ಕರೆ ಆಗುತ್ತೆ. ಅಕ್ಟೋಬರ್‌ನಲ್ಲಿ ಎಲ್ಲರ ಕಟಾವೂ ಒಟ್ಟಿಗೆ ಬರುತ್ತೆ, ತಲೆ ಮೇಲೆ ಹೊತ್ತು ತರೋರು ಸಿಗೋದೇ ಕಷ್ಟ. ಹೊಲದ ಮಧ್ಯೆ ಒಂದೇ ಒಂದು ಗಾಡಿ ದಾರಿ ಬಿಟ್ಟು, ಅದನ್ನ ಬಿಟ್ಟು ಬೇರೆಲ್ಲೂ ಚಕ್ರ ಇಳಿಸಬೇಡಿ ಅಂತ ಹೇಳಿ ನೋಡ್ತೀನಿ. ಆ ದಾರಿಗೆ ಬಿತ್ತನೆ ಬಿಟ್ಟುಬಿಡ್ತೀನಿ.